ರೈಲಲ್ಲಿ ಕಾರ್ಡ್ ಒಯ್ಯಲು ಟಾಪ್ ಲೋಡರ್ ಒಂದೇ ಸಾಕಾ?

ಪ್ರಶ್ನೆ: ಮಂಡ್ಯದಿಂದ ಬೆಂಗಳೂರಿಗೆ ರೈಲಲ್ಲಿ ಒಂದು ಫಾಯಿಲ್ ಪೋಕೆಮಾನ್ ಕಾರ್ಡ್ ಒಯ್ಯಬೇಕು. ಟಾಪ್ ಲೋಡರ್ ಒಂದೇ ಸಾಕಾ?

ಉತ್ತರ: ಸಾಲದು. ಟಾಪ್ ಲೋಡರ್ ಅಂದರೆ ಮೇಲಿಂದ ಕಾರ್ಡ್ ಇಳಿಸುವ ಗಟ್ಟಿ ಪ್ಲಾಸ್ಟಿಕ್ ಕವರ್. ಅದು ಕಾರ್ಡ್ ಬಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಬರಿ ಕಾರ್ಡನ್ನೇ ಹಾಕಿದರೆ ರೈಲು ಕುಲುಕಿದಾಗೆಲ್ಲ ಅದು ಗಟ್ಟಿ ಪ್ಲಾಸ್ಟಿಕ್‌ಗೆ ಉಜ್ಜಿ, ಫಾಯಿಲ್ ಮೇಲೆ ಸಣ್ಣ ಗೀರು ಬೀಳುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೊತ್ತಾಗುತ್ತದೆ.

ಮೊದಲು ತೆಳು ಮೆತ್ತನೆಯ ಸ್ಲೀವ್‌ಗೆ ಹಾಕಿ. ಮೂಲೆ ಜಜ್ಜುವುದು ಜಾಸ್ತಿ ಇಲ್ಲೇ. ಹಾಗಾಗಿ ಸ್ಲೀವ್ ಬಾಯಿಯನ್ನು ಬೆರಳಿಂದ ಅಗಲಿಸಿ, ಕಾರ್ಡನ್ನು ನಿಧಾನವಾಗಿ ಜಾರಿಸಿ. ಆಮೇಲೆ ಸ್ಲೀವ್ ಸಮೇತ ಟಾಪ್ ಲೋಡರ್‌ಗೆ ಇಳಿಸಿ. ಸಾಮಾನ್ಯ ಕಾರ್ಡ್‌ಗೆ 35 ಪಾಯಿಂಟ್, ಅಂದರೆ ಇಂಚಿನ ಸಾವಿರದಲ್ಲಿ 35 ಭಾಗ ದಪ್ಪದ ಕಾರ್ಡ್ ಹಿಡಿಸುವ ಟಾಪ್ ಲೋಡರ್ ಸರಿ. ಬಟ್ಟೆ ತುಂಡು ಅಂಟಿಸಿದ ದಪ್ಪ ಕ್ರಿಕೆಟ್ ಕಾರ್ಡ್ ಇದರಲ್ಲಿ ಹೋಗುವುದಿಲ್ಲ. ಒತ್ತಿ ತುರುಕಬೇಡಿ.

ಟಾಪ್ ಲೋಡರ್ ಬಾಯಿ ತೆರೆದೇ ಇರುತ್ತದೆ ಅಲ್ವಾ, ಬ್ಯಾಗ್ ತಲೆಕೆಳಗಾದರೆ ಕಾರ್ಡ್ ಜಾರುತ್ತದೆ. ಬಾಯಿಗೆ ಪೇಂಟರ್‌ಗಳ ಮಾಸ್ಕಿಂಗ್ ಟೇಪ್ ಹಚ್ಚಿ, ತುದಿ ಮಡಚಿ ಬಿಡಿ. ನಾನೊಮ್ಮೆ ಸೆಲ್ಲೋಟೇಪ್ ಹಚ್ಚಿದ್ದೆ. ಕಿತ್ತಾಗ ಅಂಟು ಉಳಿದು, ಹೊರಗೆ ಎಳೆಯುವಾಗ ಸ್ಲೀವ್ ಅದಕ್ಕೆ ಅಂಟಿಕೊಂಡಿತು.

ಮ್ಯಾಗ್ನೆಟ್ ಹೋಲ್ಡರ್ ನೋಡಲು ಚೆಂದ, ಆದರೆ ಬಿದ್ದರೆ ಬಾಯಿ ಬಿಡಬಹುದು. ಅದು ಮನೆಯ ಶೋಕೇಸ್‌ಗೇ ಇರಲಿ.