ಹೋಟೆಲ್ ಮುಚ್ಚಬೇಕೇ? ಆ ಲೆಕ್ಕ ಬೋರ್ಡ್ ಮೇಲೆ ಬರಲಿ

*"ಸಾರ್, ತುರ್ತು ಪರಿಸ್ಥಿತಿ ಕಾಲದ ಎಂಟಿಆರ್ ಹೋಟೆಲಿನ ಕೇಸ್ ಸ್ಟಡಿ‌ಗೆ ಪಾಠ ಮಾಡುವವರಿಗಾಗಿ ಟೀಚಿಂಗ್ ನೋಟ್ ಬರೆದು ಕಳಿಸಿದ್ದೇನೆ. ಉದ್ದೇಶ, ಚರ್ಚೆಯ ಪ್ರಶ್ನೆ, ಬೋರ್ಡ್ ಪ್ಲಾನ್ ಎಲ್ಲಾ ಹಾಕಿದ್ದೇನೆ. ಏನು ಕೊರತೆ ಅಂತ ನೇರವಾಗಿ ಹೇಳಿ."*

ನಿಮ್ಮ ಆರು ಪುಟದಲ್ಲಿ ನಾಲ್ಕು ಪುಟ ಕಥೆಯೇ ಇದೆ. 1924ರ ಆರಂಭ, ರವೆ ಇಡ್ಲಿ ಹುಟ್ಟಿದ್ದು, 2007ರಲ್ಲಿ ಪ್ಯಾಕೆಟ್ ವ್ಯಾಪಾರವನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡದ್ದು. ಪಾಠ ಮಾಡುವವರು ಕೇಸ್ ಓದಿಯೇ ಬರುತ್ತಾರೆ, ಅಲ್ವಾ? ಒಂದು ಪ್ಯಾರಾ ಸಾಕು.

ಉದ್ದೇಶದಲ್ಲಿ "ಬದಲಾವಣೆಯ ಮಹತ್ವ ಅರಿಯುವುದು" ಎಂದಿದ್ದೀರಿ. ಇದನ್ನು ಯಾವ ಕೇಸ್‌ಗಾದರೂ ಅಂಟಿಸಬಹುದು. ಹೀಗೆ ಬರೆಯಿರಿ: ತಿಂಡಿಯ ಬೆಲೆ ಇಳಿಸಬೇಕು ಎಂದು ಸರ್ಕಾರ ಹೇಳಿದಾಗ, ಹೋಟೆಲ್ ನಡೆಸಿದರೆ ನಷ್ಟ ಜಾಸ್ತಿಯೋ ಮುಚ್ಚಿದರೆ ಜಾಸ್ತಿಯೋ ಎಂದು ವಿದ್ಯಾರ್ಥಿ ಲೆಕ್ಕ ಹಾಕಿ ತೋರಿಸಬೇಕು.

ಆ ಲೆಕ್ಕವೇ ನಿಮ್ಮ ನೋಟ್‌ನಲ್ಲಿ ಇಲ್ಲ. ಸುಮ್ನೆ ಉದಾಹರಣೆಗೆ, ದೋಸೆಯ ಬೆಲೆ 1 ರೂಪಾಯಿ, ಸಾಮಾನು 80 ಪೈಸೆ, ಸಂಬಳ ಬಾಡಿಗೆಯ ಪಾಲು 40 ಪೈಸೆ ಅಂದುಕೊಳ್ಳಿ. ಪ್ಲೇಟಿಗೆ 20 ಪೈಸೆ ನಷ್ಟ. ಕ್ಲಾಸ್ ಕೂಡಲೇ "ಮುಚ್ಚಿ" ಅನ್ನುತ್ತದೆ. ಆದರೆ ಮುಚ್ಚಿದ ಮೇಲೂ ಸಂಬಳ, ಬಾಡಿಗೆ ಕೊಡಬೇಕಿದ್ದರೆ ನಷ್ಟ 40 ಪೈಸೆ! ನಡೆಸುವುದೇ ಮೇಲು. ತುಪ್ಪ, ಬೇಳೆಯ ಗುಣಮಟ್ಟ ಇಳಿಸಲು ಒಪ್ಪದೆ ಸಾಮಾನಿಗೇ 1 ರೂಪಾಯಿ 10 ಪೈಸೆ ಬಿದ್ದರೆ ಉತ್ತರ ತಿರುಗುತ್ತದೆ. ಆಗ ಬಡಿಸಿದ ಪ್ರತಿ ಪ್ಲೇಟೂ ನಷ್ಟವನ್ನು 10 ಪೈಸೆ ಹೆಚ್ಚಿಸುತ್ತದೆ. ನಿಮ್ಮ ಕೇಸ್‌ನ ಅಂಕಿಗಳಿಂದ ಇದೇ ಪಟ್ಟಿ ಮಾಡಿ, ಉತ್ತರದ ಜೊತೆ ನೋಟ್‌ಗೆ ಹಾಕಿ.

ಪ್ರಶ್ನೆಗಳಲ್ಲಿ ಒಂದು ದೊಡ್ಡ ತೊಡಕಿದೆ. "ಮುಂದೆ ಅವರು ಏನು ಮಾಡಿದರು?" ಎಂದು ಕೇಳಿದ್ದೀರಿ. ಎಂಟಿಆರ್ ಪ್ಯಾಕೆಟ್ ಎಷ್ಟೋ ಮನೆಗಳ ಅಡುಗೆಮನೆಯಲ್ಲಿದೆ, ಉತ್ತರ ಮೊದಲೇ ಬಯಲು. ಬದಲಿಗೆ, "ಬೆಲೆ ಇಳಿಸಿದ ವಾರ ನಿಮ್ಮ ಕೈಲಿದ್ದ ಅಂಕಿಗಳಿಷ್ಟೇ. ಬಾಗಿಲು ತೆರೀತೀರಾ?" ಎಂದು ಶುರು ಮಾಡಿ. ಆಮೇಲೆ, "ಕೆಲಸದವರನ್ನು ಬಿಡಲು ಮನಸ್ಸಿಲ್ಲದಿದ್ದರೆ ಯಾವ ಖರ್ಚು ಉಳಿಯುತ್ತದೆ?" ಕೊನೆಗೆ, "ಪುಡಿ, ಮಿಕ್ಸ್ ಮಾರಿ ಆ ಸಂಬಳ ಹುಟ್ಟಬೇಕಾದರೆ ಎಷ್ಟು ಪ್ಯಾಕೆಟ್ ಹೋಗಬೇಕು?" ಒಂದರ ಉತ್ತರ ಇಲ್ಲದೆ ಇನ್ನೊಂದು ನಡೆಯಬಾರದು.

ಬೋರ್ಡ್ ಪ್ಲಾನ್‌ನಲ್ಲಿ "ಮುಖ್ಯಾಂಶ ಬರೆಯಿರಿ" ಅಂದರೆ ಏನೂ ಹೇಳಿದಂತಾಗಲಿಲ್ಲ. ಬೋರ್ಡಿನ ಚಿತ್ರವನ್ನೇ ಬರೆದುಕೊಡಿ. ಎಡಕ್ಕೆ ಮೊದಲ ಹತ್ತು ನಿಮಿಷದ ಮತ ಎಣಿಕೆ: ತೆರೆಯುವವರು ಎಷ್ಟು, ಮುಚ್ಚುವವರು ಎಷ್ಟು. ನಡುವೆ ಪ್ಲೇಟಿನ ಲೆಕ್ಕ, ಎಲ್ಲಕ್ಕಿಂತ ದೊಡ್ಡ ಜಾಗ, ಇಪ್ಪತ್ತೈದು ಮೂವತ್ತು ನಿಮಿಷ. ಬಲಕ್ಕೆ ದಾರಿಗಳು: ಗುಣಮಟ್ಟ ಇಳಿಸುವುದು, ಮುಚ್ಚುವುದು, ಪ್ಯಾಕೆಟ್ ಮಾಡುವುದು. ಎಡಗಡೆಯ ಮತ ಅಳಿಸಬೇಡಿ ಎಂದೂ ಬರೆಯಿರಿ. ಲೆಕ್ಕ ಮುಗಿದ ಮೇಲೆ ಮತ್ತೆ ಕೈ ಎತ್ತಿಸಿ, ಎರಡನೇ ಎಣಿಕೆಯನ್ನು ಅದರ ಪಕ್ಕದಲ್ಲೇ ಹಾಕಬೇಕು. ಯಾರೂ ಮನಸ್ಸು ಬದಲಿಸದಿದ್ದರೆ ನಡುವಿನ ಬೋರ್ಡ್ ಕೆಲಸ ಮಾಡಿಲ್ಲ ಎಂದರ್ಥ. ಆಗ ಮೇಷ್ಟ್ರು ಯಾವ ಸಾಲಿಗೆ ಹಿಂತಿರುಗಬೇಕು ಎನ್ನುವುದನ್ನೂ ನೀವೇ ಹೇಳಬೇಕು.

ತಿದ್ದಿ ಕಳಿಸಿ, ಅಂಕಿಗಳ ಹಾಳೆ ಜೊತೆಗಿರಲಿ.