ಗೈಡೆನ್ಸ್ ಸ್ಕೇಲ್ ಏರಿಸಿದರೆ ಚಿತ್ರಗಳೆಲ್ಲ ಒಂದೇ ಥರ ಆಗುವುದೇಕೆ?

> «ಸ್ಟೇಬಲ್ ಡಿಫ್ಯೂಷನ್ 1.5ರಲ್ಲಿ ಸ್ಕೇಲ್ 18 ಇಟ್ಟೆ. ಬಣ್ಣ ಕಣ್ಣಿಗೆ ರಾಚುತ್ತಿದೆ, ಸೀಡ್ ಬದಲಿಸಿದರೂ ಅದೇ ಭಂಗಿ. ಯಾಕೆ?»

ಸೀಡ್ ಕೊಟ್ಟ ಯಾದೃಚ್ಛಿಕ ನಾಯ್ಸನ್ನು ಹೆಜ್ಜೆಹೆಜ್ಜೆಯಾಗಿ ಕಳೆಯುತ್ತ ಮಾಡೆಲ್ ಚಿತ್ರ ಮಾಡುತ್ತದೆ. ಪ್ರತಿ ಹೆಜ್ಜೆಯಲ್ಲೂ ಅದು ಆ ನಾಯ್ಸನ್ನು ಎರಡು ಸಲ ಅಂದಾಜಿಸುತ್ತದೆ: ಪ್ರಾಂಪ್ಟ್ ನೋಡಿ ಒಮ್ಮೆ, ಖಾಲಿ ಪ್ರಾಂಪ್ಟಿನಿಂದ ಇನ್ನೊಮ್ಮೆ. ಸ್ಕೇಲ್ ಗುಣಿಸುವುದು ಇವೆರಡರ ವ್ಯತ್ಯಾಸವನ್ನು.

```
eps = eps_uncond + s * (eps_cond - eps_uncond)
```

ಒಂದು ಬಿಂದುವಿನಲ್ಲಿ ಖಾಲಿ ಅಂದಾಜು 0.10, ಪ್ರಾಂಪ್ಟಿನದು 0.14 ಎನ್ನಿ. `s` 1 ಇದ್ದರೆ 0.14 ಹಾಗೇ ಉಳಿಯುತ್ತದೆ. 7.5ಕ್ಕೆ 0.40, ನಿಮ್ಮ 18ಕ್ಕೆ 0.82. ಹೀಗೆ ಹಿಗ್ಗಿದ ಅಂದಾಜುಗಳಿಂದ ಹೊರಬರುವ ಚಿತ್ರದ ಬೆಲೆಗಳು ತರಬೇತಿಯಲ್ಲಿ ಮಾಡೆಲ್ ಕಂಡ ವ್ಯಾಪ್ತಿಯನ್ನು ದಾಟಿಬಿಡುತ್ತವೆ. ಬಣ್ಣ ರಾಚುವುದು, ನೆರಳು ಸುಟ್ಟಂತಾಗುವುದು ಅದರಿಂದಲೇ. ಹೆಜ್ಜೆಗಳನ್ನು ಹೆಚ್ಚಿಸಿದರೂ ಇದು ಪೂರ್ತಿ ಸರಿಹೋಗದು.

ಭಂಗಿಯ ವಿಷಯ ಬೇರೆ. ಪ್ರಾಂಪ್ಟಿಗೆ ಅತಿ ಹೆಚ್ಚು ಒಪ್ಪುವ ಚಿತ್ರಗಳ ಕಡೆಗೇ ಗೈಡೆನ್ಸ್ ಎಳೆಯುತ್ತದೆ. «ಕುದುರೆ ಸವಾರ» ಎಂದರೆ ಪಕ್ಕದಿಂದ ಕಾಣುವ ಮಾಮೂಲಿ ಸವಾರನೇ ಗೆಲ್ಲುತ್ತಾನೆ. ಬೆನ್ನು ತೋರಿಸುವವನು, ದೂರದಲ್ಲಿ ಚಿಕ್ಕದಾಗಿ ಕಾಣುವವನು ಮಾಯ. ಚಿತ್ರದ ಒಟ್ಟು ವಿನ್ಯಾಸ ಮೊದಲ ಕೆಲವು ಹೆಜ್ಜೆಗಳಲ್ಲೇ ನಿರ್ಧಾರವಾಗುವುದರಿಂದ, ಅಲ್ಲಿ ಬಲವಾಗಿ ಎಳೆದರೆ ಸೀಡಿನ ಮಾತು ನಡೆಯುವುದಿಲ್ಲ.

ಅದೇ ನಾಲ್ಕು ಸೀಡ್ ಹಿಡಿದು 3, 5, 7.5, 12ರಲ್ಲಿ ಓಡಿಸಿ, ಪಕ್ಕಪಕ್ಕ ಇಟ್ಟು ನೋಡಿ. ಭಂಗಿಗಳು ಒಂದಾಗತೊಡಗುವ ಸ್ಕೇಲಿಗಿಂತ ಸ್ವಲ್ಪ ಕೆಳಗೆ ನಿಲ್ಲಿ. 3ರಲ್ಲಿ ಕುದುರೆಯೇ ಕಾಣೆಯಾದರೆ ಅದು ಅತಿ ಕಡಿಮೆಯಾಯಿತು. ದೊಡ್ಡ ಸ್ಕೇಲೇ ಬೇಕೆಂದರೆ ಡಿಫ್ಯೂಸರ್ಸ್ ಲೈಬ್ರರಿಯಲ್ಲಿ `guidance_rescale=0.7` ಕೊಡಿ. ಬಣ್ಣ ತಣಿಯುತ್ತದೆ, ಆದರೆ ಕಳೆದುಹೋದ ವೈವಿಧ್ಯ ಮರಳುವುದಿಲ್ಲ.