ನಡುವಿನ ರೋಧಕ ಸರಣಿಯೋ, ಸಮಾಂತರವೋ?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಒಂದು ಲೆಕ್ಕದಲ್ಲಿ ಐದು ರೋಧಕಗಳಿವೆ: A–C 10 ಓಮ್, C–B 20, A–D 20, D–B 10, ನಡುವೆ C–D 10. A ಮತ್ತು B ನಡುವಿನ ಸಮಾನ ರೋಧ ಬೇಕು. ನಡುವಿನದನ್ನು ಬಿಟ್ಟು ಮಾಡಿದೆ, 15 ಓಮ್ ಬಂತು. ಪುಸ್ತಕದಲ್ಲಿ 14 ಇದೆ. ನನ್ನ ತಪ್ಪು ಎಲ್ಲಿ, ಸರ್?

ಉತ್ತರ: C–D ಬಿಟ್ಟದ್ದೇ ತಪ್ಪು. ಸೇತುವೆ ಸಮತೋಲದಲ್ಲಿದ್ದರೆ ಮಾತ್ರ ಅದನ್ನು ಬಿಡಬಹುದು. ಇಲ್ಲಿ ಮೇಲಿನ ದಾರಿಯಲ್ಲಿ 10/20, ಕೆಳಗಿನ ದಾರಿಯಲ್ಲಿ 20/10. ಎರಡೂ ಸಮ ಇಲ್ಲ ಅಲ್ವಾ? ಹಾಗಾಗಿ C–Dಯಲ್ಲಿ ಕರೆಂಟ್ ಹರಿಯುತ್ತದೆ.

ಚಿತ್ರದಲ್ಲಿ ಒಂದೇ ಸಾಲಿನಲ್ಲಿ ಕಂಡವೆಲ್ಲ ಸರಣಿ ಅಲ್ಲ. ಎರಡು ರೋಧಕ ಸೇರುವ ಸಂಧಿಯಿಂದ ಮೂರನೇ ತಂತಿ ಹೊರಟಿರದಿದ್ದರೆ ಮಾತ್ರ ಅವು ಸರಣಿ. ಎರಡರ ಎರಡೂ ತುದಿಗಳು ಅವೇ ಎರಡು ಬಿಂದುಗಳಿಗೆ ಸೇರಿದ್ದರೆ ಸಮಾಂತರ. ನಿಮ್ಮ ಚಿತ್ರದಲ್ಲಿ C, D ಎರಡರಲ್ಲೂ ಮೂರು ತಂತಿ ಸೇರುತ್ತವೆ. ಯಾವ ಜೋಡಿಯೂ ಸರಣಿಯಲ್ಲ, ಸಮಾಂತರವೂ ಅಲ್ಲ. ಇಂಥ ಕಡೆ ಕಿರ್ಚಾಫ್ ನಿಯಮ ಬೇಕು.

A–Cಯಲ್ಲಿ x, A–Dಯಲ್ಲಿ y, Cಯಿಂದ Dಗೆ z ಕರೆಂಟ್ ಅಂತ ಬರೆಯಿರಿ. ಸಂಧಿ ನಿಯಮದಿಂದ C–Bಯಲ್ಲಿ x − z, D–Bಯಲ್ಲಿ y + z ಉಳಿಯುತ್ತದೆ. ಇದನ್ನು ಚಿತ್ರದ ಮೇಲೇ ಬಾಣ ಹಾಕಿ ಬರೆಯಿರಿ. ಆಗ ಮೂರಕ್ಕಿಂತ ಜಾಸ್ತಿ ಅಕ್ಷರ ಬೇಕಾಗುವುದಿಲ್ಲ.

ಈಗ A–C–D–A ಲೂಪ್ ಸುತ್ತಿ. ಕೊನೆಗೆ Dಯಿಂದ Aಗೆ ಬರುವಾಗ y ಬಾಣಕ್ಕೆ ಎದುರಾಗಿ ನಡೆಯುತ್ತೀರಿ, ಅಲ್ಲಿ ಚಿಹ್ನೆ ತಿರುಗುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. C–B–D–C ಲೂಪ್‌ನಲ್ಲಂತೂ B ದಾಟಿದ ಮೇಲೆ ಎರಡು ಸಲ ಬಾಣಕ್ಕೆ ಎದುರು ನಡೆಯಬೇಕು.

10x + 10z − 20y = 0
20(x − z) − 10(y + z) − 10z = 0

ಮೊದಲನೆಯದು x = 2y − z ಕೊಡುತ್ತದೆ. ಅದನ್ನು ಎರಡನೆಯದಕ್ಕೆ ಹಾಕಿದರೆ y = 2z, ಹಾಗಾಗಿ x = 3z.

ಲೆಕ್ಕದಲ್ಲಿ ಬ್ಯಾಟರಿ ಕೊಟ್ಟಿಲ್ಲ ಅಂತ ನಿಲ್ಲಬೇಡಿ. z = 1 ಆಂಪಿಯರ್ ಅಂತ ಇಟ್ಟುಕೊಳ್ಳಿ. x = 3, y = 2, ಒಟ್ಟು ಕರೆಂಟ್ 5 ಆಂಪಿಯರ್. ಮೇಲಿನ ದಾರಿಯಲ್ಲಿ A–B ವೋಲ್ಟೇಜ್ 10×3 + 20×2 = 70. ಕೆಳಗಿನ ದಾರಿಯಲ್ಲಿ 20×2 + 10×3, ಅದೂ 70. ಎರಡೂ ಒಂದೇ ಬರದಿದ್ದರೆ ಚಿಹ್ನೆ ಎಲ್ಲೋ ತಪ್ಪಿದೆ ಅಂತಲೇ ಅರ್ಥ. 70/5 = 14 ಓಮ್.

ಲೆಕ್ಕ ಶುರು ಮಾಡುವ ಮುಂಚೆಯೇ ಉತ್ತರ ಎಲ್ಲಿರಬೇಕು ಅಂತ ತಿಳಿಯಬಹುದು. C–D ಕಿತ್ತುಹಾಕಿದರೆ 30, 30 ಸಮಾಂತರ, ಅಂದರೆ ನಿಮ್ಮ 15. C–D ಜಾಗದಲ್ಲಿ ಸುಮ್ನೆ ತಂತಿ ಇಟ್ಟರೆ 10, 20 ಸಮಾಂತರದ ಎರಡು ಜೋಡಿ ಸರಣಿಯಲ್ಲಿ ಬರುತ್ತವೆ, ಅಂದರೆ ಸುಮಾರು 13.33. ನಡುವಿನ ರೋಧಕ ಎಷ್ಟೇ ಓಮ್ ಇರಲಿ, ಉತ್ತರ ಇವೆರಡರ ನಡುವೆಯೇ ಬೀಳಬೇಕು.